ಹೇರ್‌ಕಟ್ ಗೆರೆಗೆ ಸಿಕ್ಕ ಅತಿಯಾದ ಕೀರ್ತಿ

2008ರ ಅಮೆರಿಕದ ಬಿಕ್ಕಟ್ಟನ್ನು ಯಾರೇ ವಿವರಿಸಲಿ, ಗ್ಯಾರಿ ಗಾರ್ಟನ್ ಮತ್ತು ಆಂಡ್ರ್ಯೂ ಮೆಟ್ರಿಕ್ ಅವರ ಪ್ರಬಂಧದ ಒಂದು ಗೆರೆ ಕಾಣಿಸಿಕೊಳ್ಳುತ್ತದೆ. ರೆಪೊ ಸಾಲದ ಸರಾಸರಿ ಹೇರ್‌ಕಟ್ 2007ರ ಆರಂಭದಲ್ಲಿ ಸೊನ್ನೆ. 2008ರ ಕೊನೆಗೆ ಶೇ. 50ರ ಸಮೀಪ. ಈ ಗೆರೆ ನಮ್ಮನ್ನು ತಪ್ಪು ಜಾಗ ನೋಡುವಂತೆ ಮಾಡಿದೆ ಎಂಬುದು ನನ್ನ ವಾದ.

ಲೆಕ್ಕ ಹಾಕಿ ನೋಡೋಣ. ಡೀಲರೊಬ್ಬ 100 ಕೋಟಿ ಡಾಲರಿನ ಬಾಂಡ್ ಇಟ್ಟುಕೊಂಡಿದ್ದಾನೆ. ಹೇರ್‌ಕಟ್ ಶೇ. 2. ಅಂದರೆ ಬಾಂಡನ್ನು ಇಂದು 98 ಕೋಟಿಗೆ ಮಾರಿ, ನಾಳೆ ಬಡ್ಡಿ ಸೇರಿಸಿ ಮರಳಿ ಕೊಳ್ಳುವ ಒಪ್ಪಂದ. ಸ್ವಂತ ಹಣ 2 ಕೋಟಿ ಮಾತ್ರ. ಬಾಂಡ್ ಶೇ. 6 ತಂದು, ರೆಪೊ ಶೇ. 5 ಕೇಳಿದರೆ ದಿನಕ್ಕೆ ಸುಮಾರು 30 ಸಾವಿರ ಡಾಲರ್ ಉಳಿತಾಯ. ಈ ಸಾಲ ಪ್ರತಿ ಬೆಳಿಗ್ಗೆ ತೀರಿ, ಹೊಸದಾಗಿ ಹುಟ್ಟಬೇಕು. ಹೇರ್‌ಕಟ್ ಶೇ. 5ಕ್ಕೆ ಏರಿದರೆ ಅವನು ಇನ್ನೂ 3 ಕೋಟಿ ಹೊಂದಿಸಬೇಕು. ಸಾಲ ಕೊಟ್ಟವನು ನವೀಕರಣಕ್ಕೇ ಒಪ್ಪದಿದ್ದರೆ ಬೇಕಾಗುವುದು 98 ಕೋಟಿ.

ಈಗ ಆ ಗೆರೆಯನ್ನು ಮತ್ತೆ ನೋಡಿ. ಅದು ಡೀಲರುಗಳ ನಡುವಿನ ವ್ಯವಹಾರದಿಂದ, ಸರ್ಕಾರಿ ಸಾಲಪತ್ರ ಬಿಟ್ಟು ಉಳಿದ ಅಡಮಾನಗಳಿಂದ ಕಟ್ಟಿದ ಸರಾಸರಿ. ಕೆಲವು ಬಗೆಯ ಬಾಂಡುಗಳ ಹೇರ್‌ಕಟ್ ಶೇ. 100 ಎಂದು ದಾಖಲಾಗಿದೆ. ಶೇ. 100 ಎಂದರೆ ಸಾಲವೇ ಇಲ್ಲ. ಇಲ್ಲವಾದ ಸಾಲವನ್ನು ದುಬಾರಿಯಾದ ಸಾಲದ ಜೊತೆ ಬೆರೆಸಿ ಸರಾಸರಿ ತೆಗೆದಾಗ, ಒಂದೇ ಏಟಿಗೆ ಮುಚ್ಚಿದ ಬಾಗಿಲು ನಿಧಾನವಾಗಿ ಏರುವ ಗೆರೆಯಾಗಿಬಿಡುತ್ತದೆ.

ಕ್ಲಿಯರಿಂಗ್ ಬ್ಯಾಂಕ್ ಮಧ್ಯೆ ನಿಲ್ಲುವ ತ್ರಿಪಕ್ಷ ರೆಪೊವನ್ನು ಕೋಪ್‌ಲ್ಯಾಂಡ್, ಮಾರ್ಟಿನ್, ವಾಕರ್ ಪರಿಶೀಲಿಸಿದಾಗ ಕಂಡದ್ದೇ ಬೇರೆ: ಅಲ್ಲಿ ಹೇರ್‌ಕಟ್ ಹೆಚ್ಚು ಕದಲಲಿಲ್ಲ, ಲೇಮನ್‌ಗೆ ಸಾಲ ಕೊಡುತ್ತಿದ್ದವರು ಹಣ ಹಿಂದಕ್ಕೆ ಪಡೆದರು. ಇದರ ಜೊತೆಗೆ ಕೃಷ್ಣಮೂರ್ತಿ, ನೇಗಲ್, ಆರ್ಲೊವ್ ಅವರ ಪ್ರಬಂಧವನ್ನೂ ಹಿಡಿದು, ಖಾಸಗಿ ಬಾಂಡುಗಳ ಮೇಲಿನ ರೆಪೊ ಚಿಕ್ಕದಾಗಿತ್ತು, ಆದ್ದರಿಂದ ಓಟವೇ ನಡೆಯಲಿಲ್ಲ ಎನ್ನುವವರೂ ಇದ್ದಾರೆ. ಅವರನ್ನು ನಾನು ಒಪ್ಪಲಾರೆ. ಮಾರುಕಟ್ಟೆಯ ಮೊತ್ತ ಚಿಕ್ಕದಿರಬಹುದು. ಅದು ಕೆಲವೇ ಡೀಲರುಗಳ ಮೇಲೆ ಬಿದ್ದರೆ ಅವರಿಗೆ ಅದು ಚಿಕ್ಕದಲ್ಲ. ಆ ಪ್ರಬಂಧವೇ ಇದನ್ನು ಗುರುತಿಸಿದೆ.

ಗಾರ್ಟನ್ ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ: ಠೇವಣಿದಾರರ ಸಾಲಿಲ್ಲದೆಯೂ ಓಟ ನಡೆಯುತ್ತದೆಂದು ಮನವರಿಕೆ ಮಾಡಿಕೊಟ್ಟವರು ಅವರು. ಆದರೆ ಬೇರ್ ಸ್ಟರ್ನ್ಸ್ ಬಳಿಯ ನಗದು 2008ರ ಮಾರ್ಚ್ 10ರಂದು ಸುಮಾರು 1,800 ಕೋಟಿ ಡಾಲರ್ ಇದ್ದದ್ದು 13ರ ಹೊತ್ತಿಗೆ 200 ಕೋಟಿಗೆ ಇಳಿಯಿತು. ಉತ್ತಮ ಅಡಮಾನ ಮುಂದಿಟ್ಟರೂ ಸಾಲ ಹುಟ್ಟಲಿಲ್ಲ ಎಂದು ಅಂದಿನ ಷೇರು ನಿಯಂತ್ರಣ ಆಯೋಗದ ಅಧ್ಯಕ್ಷ ಕ್ರಿಸ್ಟೋಫರ್ ಕಾಕ್ಸ್ ಹೇಳಿದರು. ಈ ಮೂರು ದಿನಗಳನ್ನು ಯಾವ ಹೇರ್‌ಕಟ್ ಸರಾಸರಿಯೂ ಮೊದಲೇ ತೋರಿಸಲಾರದು. ಡೀಲರಿನ ಸಾಲದಲ್ಲಿ ನಾಳೆ ಬೆಳಿಗ್ಗೆ ತೀರಬೇಕಾದದ್ದೆಷ್ಟು, ಅದು ಎಷ್ಟು ಮಂದಿಯ ಕೈಯಲ್ಲಿದೆ ಎಂಬ ಪಟ್ಟಿ ತೋರಿಸಬಲ್ಲದು.