ರೇಖಾಚಿತ್ರಗಳ ಯಂತ್ರವರ್ಧನೆ: ಒಂದು ಆಕ್ಷೇಪ

1914ರಲ್ಲಿ ವಿನ್ಸರ್ ಮೆಕೇ ರಚಿಸಿದ ‘ಗರ್ಟಿ ದ ಡೈನೊಸಾರ್’ ಚಲನಚಿತ್ರದಲ್ಲಿ ಪಾರದರ್ಶಕ ಹಾಳೆಗಳ ಬಳಕೆಯಿಲ್ಲ. ಹಿನ್ನೆಲೆಯ ಬಂಡೆಮರಗಳನ್ನು ಸಹಾಯಕನೊಬ್ಬನು ಪ್ರತಿ ಚಿತ್ರಕ್ಕೂ ಹೊಸದಾಗಿ ಬರೆದನು. ಆದುದರಿಂದಲೇ ಆ ರೇಖೆಗಳು ತೆರೆಯ ಮೇಲೆ ಸದಾ ಕಂಪಿಸುತ್ತವೆ. ಇತಿಹಾಸದ ವಿದ್ಯಾರ್ಥಿಗೆ ಈ ಕಂಪನವೇ ಆಧಾರ.

ಇಂತಹ ಚಿತ್ರವನ್ನು, 2015ರಲ್ಲಿ ಪ್ರಕಟವಾದ waifu2x ಮುಂತಾದ ವರ್ಧಕಗಳಿಗೆ ಒಪ್ಪಿಸುವುದುಂಟು. ಜಪಾನೀ ಶೈಲಿಯ ಚಿತ್ರಗಳಿಂದ ಕಲಿತ ಈ ಯಂತ್ರವು ಸಮತಲ ವರ್ಣವನ್ನೂ ಖಚಿತವಾದ ಹೊರರೇಖೆಯನ್ನೂ ನಿರೀಕ್ಷಿಸುತ್ತದೆ. ಅದರ ಕಲೆನಿವಾರಣೆಯು ಮುಖ್ಯವಾಗಿ ಜೆಪಿಇಜಿ ಸಂಕೋಚನದ ಕಲೆಗಳಿಗಾಗಿ ರೂಪುಗೊಂಡದ್ದು. ಫಿಲ್ಮಿನ ಕಣಗಳಿಗಾಗಿ ಅಲ್ಲ.

640×480 ಬಿಂದುಗಳ ಚಿತ್ರವೊಂದನ್ನು 1280×960ಕ್ಕೆ ಹಿಗ್ಗಿಸುವೆವೆನ್ನೋಣ. ಗರ್ಟಿಯ ದಪ್ಪ ಹೊರರೇಖೆ ನಿಚ್ಚಳವಾಗುತ್ತದೆ. ಆದರೆ ಬಂಡೆಯ ಛಾಯೆಗಾಗಿ ಎಳೆದ, ಒಂದು ಬಿಂದುವಿಗಿಂತಲೂ ಸಣ್ಣ ಗೀಟುಗಳನ್ನು ಯಂತ್ರವು ಕಲೆಯೆಂದು ಬಗೆದು ಅಳಿಸಬಹುದು. ಪ್ರತಿ ಚಿತ್ರವನ್ನೂ ಪ್ರತ್ಯೇಕವಾಗಿ ಸಂಸ್ಕರಿಸುವುದರಿಂದ, ಒಂದರಲ್ಲಿ ಉಳಿದ ಗೀಟು ಮುಂದಿನದರಲ್ಲಿ ಮಾಯವಾಗಬಹುದು. ಆಗ ಕಾಣುವ ಮಿನುಗು ಸಹಾಯಕನ ಕೈಯದಲ್ಲ, ಯಂತ್ರದ್ದು.

ಪರೀಕ್ಷೆ ಸುಲಭ. ಹಿಗ್ಗಿಸಿದ ಚಿತ್ರವನ್ನು ಮತ್ತೆ 640×480ಕ್ಕೆ ಕುಗ್ಗಿಸಿ, ಮೂಲದಿಂದ ಕಳೆದು ನೋಡಬೇಕು. ವ್ಯತ್ಯಾಸದಲ್ಲಿ ಬರಿಯ ಕಣಗಳು ಚದುರಿದ್ದರೆ ನಷ್ಟ ಅಲ್ಪ. ಬಂಡೆಯ ಗೀಟುಗಳೇ ಸಾಲಾಗಿ ತೋರಿದರೆ ಆಧಾರವೇ ನಷ್ಟವಾಯಿತೆಂದು ತಿಳಿಯಬೇಕು. ಆಗ ಕಲೆನಿವಾರಣೆಯನ್ನು ಪೂರ್ತಿ ನಿಲ್ಲಿಸಿ ಮತ್ತೊಮ್ಮೆ ಹಿಗ್ಗಿಸುವುದು ಲೇಸು. ಅದರಿಂದಲೂ ಮೂಲದಲ್ಲಿಲ್ಲದ ವಿವರ ಲಭಿಸದು. ಆದಕಾರಣ ವರ್ಧಿತ ಪ್ರತಿಯನ್ನು ನೋಟಕ್ಕೆ ಬಳಸಬಹುದು, ಸಾಕ್ಷ್ಯಕ್ಕಲ್ಲ ಎಂಬುದೇ ನಮ್ಮ ಅಭಿಪ್ರಾಯ.