ದುಃಖವೆಂಬ ಪದವೂ ಮುಚ್ಚಿದ ಬಾವಿಯೂ

ಹೊಸಬರ ಕತೆಗಳ ಹಸ್ತಪ್ರತಿ ಓದುವಾಗ ನಾನು ಮೊದಲು ಹುಡುಕುವುದು ಒಂದು ವಾಕ್ಯರಚನೆಯನ್ನು: ‘ಅವಳಿಗೆ ದುಃಖವಾಯಿತು’, ‘ಅವನಿಗೆ ಕೋಪ ಬಂತು’, ‘ಅವರಿಗೆ ನಾಚಿಕೆಯಾಯಿತು’. ಭಾವವನ್ನು ಹೇಳಲು ಕನ್ನಡಕ್ಕೆ ಅತ್ಯಂತ ಸಹಜವಾದ ದಾರಿ ಇದು. ಇಲ್ಲಿ ವಾಕ್ಯದ ಕರ್ತೃ ಮನುಷ್ಯನಲ್ಲ, ಭಾವ. ಮನುಷ್ಯ ಚತುರ್ಥಿ ವಿಭಕ್ತಿಯಲ್ಲಿ ಸುಮ್ಮನೆ ನಿಂತಿರುತ್ತಾನೆ, ದುಃಖ ತಾನಾಗಿ ಬಂದು ಅವನಿಗೆ ‘ಆಗುತ್ತದೆ’. ಮಾತಿನಲ್ಲಿ ಇದು ಸರಿ. ಕತೆಯ ಮುಖ್ಯ ಗಳಿಗೆಯಲ್ಲಿ ಮಾತ್ರ ಇದರಿಂದ ನಷ್ಟವಿದೆ, ಏಕೆಂದರೆ ಪಾತ್ರ ಏನನ್ನಾದರೂ ಮಾಡಬೇಕಾದ ಹೊತ್ತಿನಲ್ಲೇ ವಾಕ್ಯ ಅದರ ಕೈ ಕಟ್ಟಿಹಾಕುತ್ತದೆ.

ಈ ತಕರಾರು ಪಶ್ಚಿಮದ ಕಥಾಕಮ್ಮಟಗಳಿಂದ ಬಂದದ್ದು ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಆದರೆ ಒಂಬತ್ತನೆಯ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿದ್ದ. ಶೃಂಗಾರ, ಕರುಣ ಎಂಬ ಹೆಸರುಗಳನ್ನು ಬರೆದ ಮಾತ್ರಕ್ಕೆ ರಸ ಹುಟ್ಟುವುದಿಲ್ಲ. ಅದು ಕಾರಣಗಳ ಮೂಲಕ, ಚೇಷ್ಟೆಗಳ ಮೂಲಕ ತೋರಬೇಕು ಎಂಬುದು ಅವನ ವಾದ. ಹನ್ನೊಂದನೆಯ ಶತಮಾನದ ಮಮ್ಮಟ ‘ಕಾವ್ಯಪ್ರಕಾಶ’ದ ಏಳನೆಯ ಉಲ್ಲಾಸದಲ್ಲಿ ರಸದೋಷಗಳನ್ನು ಪಟ್ಟಿಮಾಡುವಾಗ, ಭಾವವನ್ನು ಅದರ ಸ್ವಂತ ಹೆಸರಿನಿಂದಲೇ ಹೇಳಿಬಿಡುವುದನ್ನು ಮೊದಲಿಗೇ ಇಡುತ್ತಾನೆ. ಅದೇ ಪಟ್ಟಿಯಲ್ಲಿ ಇನ್ನೊಂದು ದೋಷವೂ ಇದೆ: ವಿಭಾವ ಅನುಭಾವಗಳನ್ನು ಓದುಗ ಕಷ್ಟಪಟ್ಟು ಊಹಿಸಿಕೊಳ್ಳಬೇಕಾಗುವುದು. ಈ ಎರಡು ದೋಷಗಳ ನಡುವಿನ ಜಾಗದಲ್ಲೇ ತಿದ್ದುವ ಕೆಲಸವೆಲ್ಲ ನಡೆಯುತ್ತದೆ.

ಉದಾಹರಣೆಗೆಂದು ನಾನೇ ಒಂದು ಸಂದರ್ಭ ಕಟ್ಟುತ್ತೇನೆ. ಅಪ್ಪ ಬಿಟ್ಟುಹೋದ ಮನೆಯಲ್ಲಿ ಅಕ್ಕನಿಗೂ ಪಾಲಿದೆ. ತಮ್ಮ ಹಕ್ಕು ಬಿಡುಗಡೆ ಪತ್ರ ಹಿಡಿದು ಬಂದಿದ್ದಾನೆ. ಮೊದಲ ಕರಡು ಹೀಗಿರಬಹುದು:

‘ತಮ್ಮ ಪತ್ರವನ್ನು ಮುಂದಿಟ್ಟಾಗ ಸಾವಿತ್ರಿಗೆ ತುಂಬಾ ದುಃಖವಾಯಿತು. ಕೋಪವೂ ಬಂತು. ಆದರೂ ತಮ್ಮನ ಮೇಲಿನ ಪ್ರೀತಿಯಿಂದ ಸಹಿ ಹಾಕಿದಳು.’

ಇಲ್ಲಿ ನನ್ನನ್ನು ಕಾಡುವುದು ‘ಪ್ರೀತಿಯಿಂದ’ ಎಂಬ ಪದ. ಅದು ಭಾವವನ್ನು ಹೆಸರಿಸುವುದಷ್ಟೇ ಅಲ್ಲ, ತೀರ್ಪನ್ನೂ ಕೊಡುತ್ತದೆ. ತಮ್ಮ ಊರಿನಲ್ಲಿ ನಾಲ್ಕು ಜನರಿಗೆ ಹೇಳಿಕೊಳ್ಳುವುದೂ ಇದನ್ನೇ: ‘ಅಕ್ಕ ಪ್ರೀತಿಯಿಂದ ಬಿಟ್ಟುಕೊಟ್ಟಳು.’ ನಿರೂಪಕನಿಗೆ ಅರಿವಿಲ್ಲದೆಯೇ ನಿರೂಪಣೆ ತಮ್ಮನ ಪಕ್ಷ ಸೇರಿದೆ.

ಹೆಸರಿಸಬೇಡ ಎಂದು ಹೇಳಿದರೆ ವಿದ್ಯಾರ್ಥಿ ಸಾಮಾನ್ಯವಾಗಿ ಹೀಗೆ ತಿದ್ದಿ ತರುತ್ತಾನೆ:

‘ಪತ್ರ ನೋಡಿ ಸಾವಿತ್ರಿಯ ಎದೆ ಝಲ್ಲೆಂದಿತು. ಗಂಟಲು ಕಟ್ಟಿತು. ಹಲ್ಲು ಕಚ್ಚಿದಳು. ಕಣ್ಣಂಚಿನಲ್ಲಿ ನೀರು ಜಿನುಗಿತು. ನಡುಗುವ ಕೈಯಿಂದ ಸಹಿ ಹಾಕಿದಳು.’

ಹೆಸರುಗಳು ಹೋದವು, ಆದರೆ ಏನೂ ಬದಲಾಗಲಿಲ್ಲ. ಭರತ ಹೇಳಿದ ಎಂಟು ಸಾತ್ವಿಕ ಭಾವಗಳಲ್ಲಿ ಮೂರು ಇಲ್ಲಿವೆ: ಸ್ವರಭಂಗ, ಕಣ್ಣೀರು, ನಡುಕ. ಅವು ರಂಗದ ಮೇಲೆ ನಟನ ದೇಹದಲ್ಲಿ ಕಾಣಬೇಕಾದವು. ಪುಟದ ಮೇಲೆ, ಅದರಲ್ಲೂ ನುಡಿಗಟ್ಟಾಗಿ ಸವೆದ ಮೇಲೆ, ‘ಗಂಟಲು ಕಟ್ಟಿತು’ ಎಂಬುದು ದುಃಖ ಎಂಬ ಪದದ ಇನ್ನೊಂದು ಕಾಗುಣಿತ ಅಷ್ಟೆ. ಇದನ್ನು ಗುರುತಿಸಲು ಸುಲಭವಾದ ಪರೀಕ್ಷೆಯಿದೆ. ಈ ಐದು ವಾಕ್ಯಗಳಿಂದ ‘ಪತ್ರ’ ಮತ್ತು ‘ಸಹಿ’ ತೆಗೆದು, ಅಪಘಾತದ ಸುದ್ದಿ ಕೇಳಿದವಳ ಕತೆಗೆ ಅಂಟಿಸಿ ನೋಡಿ. ಸಲೀಸಾಗಿ ಕೂರುತ್ತದೆ. ಎಲ್ಲಿಗಾದರೂ ಒಯ್ಯಬಹುದಾದ ಚೇಷ್ಟೆ ಈ ಪಾತ್ರದ್ದಲ್ಲ. ಕೊರತೆ ಇರುವುದು ಅನುಭಾವದಲ್ಲಲ್ಲ, ವಿಭಾವದಲ್ಲಿ: ಸಾವಿತ್ರಿಗೆ ನಿಖರವಾಗಿ ಏನು ನೋಯಿಸಿತು ಎಂಬುದನ್ನು ಬರೆದವರು ಇನ್ನೂ ಕಂಡುಕೊಂಡಿಲ್ಲ. ಆದ್ದರಿಂದ ತಿದ್ದುವಾಗ ದೇಹದಿಂದ ಶುರುಮಾಡದೆ ಮುಂದಿರುವ ವಸ್ತುವಿನಿಂದ ಶುರುಮಾಡಬೇಕು. ಇಲ್ಲಿ ಆ ವಸ್ತು ಪತ್ರ.

‘ಸಹಿ ಬೀಳಬೇಕಾದ ಕಡೆಯೆಲ್ಲ ತಮ್ಮ ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡೇ ಬಂದಿದ್ದ. ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ಸಾವಿತ್ರಿ ಒಳಗೆ ಹೋಗಿ ಕನ್ನಡಕ ತಂದಳು. ಮೊದಲ ಪುಟದಿಂದ ಓದತೊಡಗಿದಳು. ಚಕ್ಕುಬಂದಿಯ ಹತ್ತಿರ ಬೆರಳು ನಿಂತಿತು.

“ಹಿಂದುಗಡೆ ಬಾವಿ ಅಂತ ಬರೆದಿಲ್ಲವಲ್ಲೋ.”

“ಅದನ್ನ ಮುಚ್ಚಿಸಿ ಎರಡು ವರ್ಷ ಆಯ್ತಲ್ಲಕ್ಕ.”

ಅವಳು ಪುಟ ತಿರುವಿದಳು. ಗುರುತಿದ್ದ ಕಡೆಯೆಲ್ಲ ಸಹಿ ಹಾಕಿದಳು. ಪೆನ್ನಿಗೆ ಮುಚ್ಚಳ ಹಾಕಿ ತಾನೇ ಅವನ ಜೇಬಿಗೆ ಸಿಕ್ಕಿಸಿದಳು.’

ದುಃಖ ಈಗ ಬಾವಿಯಲ್ಲಿದೆ: ಎರಡು ವರ್ಷದ ಹಿಂದೆ ಮುಚ್ಚಿಸಿದ್ದು ಅವಳಿಗೆ ತಿಳಿದಿರಲಿಲ್ಲ, ಅಂದರೆ ಪತ್ರ ಬರುವ ಮೊದಲೇ ಅವಳು ಆ ಮನೆಯಿಂದ ಹೊರಗಾಗಿದ್ದಳು. ಕೋಪ ಕನ್ನಡಕದಲ್ಲಿದೆ: ತಮ್ಮ ಅವಳು ಓದುತ್ತಾಳೆಂದು ಎಣಿಸಿರಲಿಲ್ಲ, ಅವಳು ಓದಿದಳು. ಪ್ರೀತಿ ಇದ್ದರೆ ಅದು ಕೊನೆಯ ವಾಕ್ಯದಲ್ಲಿದೆ. ಶಾಲೆಗೆ ಹೊರಟ ತಮ್ಮನ ಜೇಬಿಗೆ ಅಕ್ಕ ಪೆನ್ನು ಸಿಕ್ಕಿಸಿದ ಹಾಗೂ ಇದೆ, ‘ಇನ್ನು ನೀನು ಹೊರಡು’ ಎಂದ ಹಾಗೂ ಇದೆ. ತೀರ್ಪು ತಮ್ಮನ ಕೈಯಿಂದ ಓದುಗರ ಕೈಗೆ ಬಂತು. ವ್ಯಾಕರಣವೂ ಬದಲಾಯಿತು: ಸಾವಿತ್ರಿ ‘ಸಾವಿತ್ರಿಗೆ’ ಆಗಿ ಉಳಿಯದೆ ತಂದಳು, ಓದತೊಡಗಿದಳು, ತಿರುವಿದಳು, ಸಿಕ್ಕಿಸಿದಳು.

ಹೀಗೆ ತಿದ್ದುವುದಕ್ಕೆ ಮಿತಿಯೂ ಇದೆ. ಮಮ್ಮಟನೇ ಒಂದು ವಿನಾಯಿತಿ ಕೊಡುತ್ತಾನೆ: ಸಂಚಾರಿ ಭಾವವನ್ನು ಕೆಲವೊಮ್ಮೆ ಹೆಸರು ಹಿಡಿದು ಹೇಳಿದರೆ ದೋಷವಲ್ಲ. ಅದಕ್ಕೆ ಅವನು ಎತ್ತಿಕೊಳ್ಳುವುದು ಹರ್ಷನ ‘ರತ್ನಾವಳಿ’ಯ ನಾಂದಿಯ ಪದ್ಯವನ್ನು. ಶಿವನನ್ನು ಮೊದಲ ಸಲ ಸೇರಲು ಹೋಗುವ ಪಾರ್ವತಿ ಅಲ್ಲಿ ಅವಸರಪಡುತ್ತಾಳೆ. ಕವಿ ಅದು ಔತ್ಸುಕ್ಯದಿಂದ ಎಂದು ಹೆಸರಿಸುತ್ತಾನೆ. ಏಕೆಂದರೆ ಅವಸರ ಭಯದಿಂದಲೂ ಬರಬಹುದು. ಬರೀ ಚೇಷ್ಟೆಯಿಂದ ಅದು ಗೊತ್ತಾಗದು. ಸಾವಿತ್ರಿ ‘ಬೇಗಬೇಗ ಸಹಿ ಹಾಕಿದಳು’ ಎಂದಷ್ಟೇ ಬರೆದರೆ ಅದು ಸಿಟ್ಟೋ, ಬೇಸರವೋ, ಒಲೆಯ ಮೇಲೆ ಹಾಲಿತ್ತೋ ತಿಳಿಯುವುದಿಲ್ಲ. ಕತೆಗೆ ಅದೇ ಮುಖ್ಯವಾಗಿದ್ದರೆ, ಬೇರೆ ವಿವರ ಸಿಗದಿದ್ದರೆ, ಹೆಸರು ಹೇಳುವುದೇ ಪ್ರಾಮಾಣಿಕ.

ಜೊತೆಗೆ, ಮೂರು ವಾಕ್ಯ ಒಂದು ದೃಶ್ಯವಾಗಿ ಬೆಳೆದದ್ದನ್ನು ಗಮನಿಸಿ. ಕತೆಯ ಪ್ರತಿ ಭಾವಕ್ಕೂ ಇಷ್ಟು ಜಾಗ ಕೊಟ್ಟರೆ ಕಾಲ ಸರಿಯುವುದೇ ಇಲ್ಲ. ‘ಆ ವರ್ಷವಿಡೀ ಅವಳಿಗೆ ತವರಿನ ಮೇಲೆ ಮುನಿಸಿತ್ತು’ ಎಂದು ದಾಟಿಬಿಡುವ ಸಾಲು ಹಾಗೆಯೇ ಇರಲಿ. ತಿದ್ದಬೇಕಾದದ್ದು ಕತೆ ತಿರುಗುವ ಗಳಿಗೆಯನ್ನು ಮಾತ್ರ.

ಪಾತ್ರಗಳ ಬಾಯಲ್ಲಿ ಬರುವ ಭಾವದ ಹೆಸರುಗಳನ್ನೂ ಅಳಿಸಬೇಡಿ. ಮರುದಿನ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಕೂತು ಸಾವಿತ್ರಿ ‘ನನಗೇನೂ ಬೇಜಾರಿಲ್ಲ ಕಣೋ’ ಎಂದರೆ, ಭಾವದ ಹೆಸರು ಹೇಳುವುದೇ ಒಂದು ಚೇಷ್ಟೆಯಾಗುತ್ತದೆ. ಅದನ್ನು ನಿರೂಪಕ ಹೇಳಿದರೆ ನಾವು ನಂಬಬೇಕು; ಅವಳು ಹೇಳಿದರೆ ನಂಬಬೇಕಾಗಿಲ್ಲ.