ಹದಿನಾರು ಜಿಬಿ, ಒಂದೇ ಸ್ಟಿಕ್

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೋದವರಿಗೆ ಒಂದು ಸಲಹೆ ಪುಕ್ಕಟೆಯಾಗಿ ಸಿಗುತ್ತದೆ. “ಎಂಟೆಂಟರದ್ದು ಎರಡು ಯಾಕೆ ಸಾರ್, ಹದಿನಾರರದ್ದು ಒಂದೇ ಹಾಕಿಸ್ಕೊಳ್ಳಿ. ಮುಂದೆ ಬೇಕಾದ್ರೆ ಇನ್ನೊಂದು ಸೇರಿಸಿದ್ರಾಯ್ತು.” ಮೇಲ್ನೋಟಕ್ಕೆ ಜಾಣತನದ ಮಾತು. ಸ್ಲಾಟ್ ಖಾಲಿ ಉಳಿಯುತ್ತದೆ, ಕೈಯಲ್ಲಿ ಹಣ ಬಂದಾಗ ಇನ್ನೊಂದು ರ್‍ಯಾಮ್ ಹಾಕಿಸಬಹುದು. ಎಷ್ಟೋ ಲ್ಯಾಪ್‌ಟಾಪ್‌ಗಳೂ ಒಂದೇ ಸ್ಟಿಕ್ ಹೊತ್ತುಕೊಂಡೇ ಅಂಗಡಿಗೆ ಬರುತ್ತವೆ. ಬ್ರೌಸರ್, ಟ್ಯಾಲಿ, ಸಿನಿಮಾ ಇಷ್ಟಕ್ಕಾದರೆ ಈ ಸಲಹೆಯಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ. ಪ್ರೊಸೆಸರನ್ನು ದುಡಿಸಿಕೊಳ್ಳುವ ಗೇಮ್ ಆಡುವವರಿಗೆ ಮಾತ್ರ ಇದು ಕೆಟ್ಟ ಸಲಹೆ. ಇದಕ್ಕೆ ಎದುರಾಗಿ ಯೂಟ್ಯೂಬ್‌ನಲ್ಲಿ ನಡೆಯುವ “ಡ್ಯುಯಲ್ ಚಾನೆಲ್ ಹಾಕಿ, ಎಫ್‌ಪಿಎಸ್ ಜಿಗಿಯುತ್ತೆ” ಎಂಬ ಪ್ರಚಾರವೂ ಅರೆಬೆಂದದ್ದೇ. ಎರಡನ್ನೂ ಒರೆಗೆ ಹಚ್ಚಬೇಕಾದರೆ ಒಂದು ಫ್ರೇಮ್ ತಯಾರಾಗುವಾಗ ಪ್ರೊಸೆಸರ್ ಏನಕ್ಕಾಗಿ ಕಾಯುತ್ತದೆ ಎಂಬುದನ್ನು ನೋಡಬೇಕು.

ರೈಜೆನ್ 5 5600 ಪ್ರೊಸೆಸರನ್ನೇ ತೆಗೆದುಕೊಳ್ಳೋಣ. ಆರು ಕೋರ್, 32 ಎಂಬಿ ಎಲ್3 ಕ್ಯಾಷ್. ಕೌಂಟರ್ ಸ್ಟ್ರೈಕ್ 2ರಂಥ ಗೇಮಿನಲ್ಲಿ ಪ್ರತಿ ಫ್ರೇಮಿಗೂ ಆಟಗಾರರ ಸ್ಥಾನ, ಗುಂಡಿನ ದಾರಿ, ದೇಹಗಳ ಚಲನೆ, ಶಬ್ದ ಇವನ್ನೆಲ್ಲ ಲೆಕ್ಕ ಹಾಕಿ, ಏನೇನು ಬಿಡಿಸಬೇಕೆಂಬ ಪಟ್ಟಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸುವುದು ಪ್ರೊಸೆಸರ್‌ನ ಕೆಲಸ. ಇದಕ್ಕೆ ಬೇಕಾದ ಮಾಹಿತಿ ಒಂದೆಡೆ ಸಾಲಾಗಿ ಕೂತಿರುವುದಿಲ್ಲ, ಅಲ್ಲೊಂದು ಇಲ್ಲೊಂದು ಚೆಲ್ಲಿಕೊಂಡಿರುತ್ತದೆ. ಕ್ಯಾಷ್‌ನಲ್ಲೇ ಸಿಕ್ಕರೆ ಹತ್ತು ಚಿಲ್ಲರೆ ನ್ಯಾನೊಸೆಕೆಂಡಿನಲ್ಲಿ ಕೈಗೆ ಬರುತ್ತದೆ. ಸಿಗದಿದ್ದರೆ ರ್‍ಯಾಮ್‌ವರೆಗೆ ಹೋಗಿಬರಬೇಕು, ಅದಕ್ಕೆ ಹೆಚ್ಚುಕಡಿಮೆ 75 ನ್ಯಾನೊಸೆಕೆಂಡ್. 4.4 ಗಿಗಾಹರ್ಟ್ಸ್‌ನಲ್ಲಿ ಓಡುವ ಕೋರಿಗೆ ಅದು 330 ಸುತ್ತುಗಳ ಹೊತ್ತು. ಆ ಹೊತ್ತಿನಲ್ಲಿ ಬೇರೆ ಏನಾದರೂ ಮಾಡಿಕೊಂಡಿರಲು ಕೋರ್ ಪ್ರಯತ್ನಿಸುತ್ತದೆ ನಿಜ, ಆದರೆ ಮುಂದಿನ ಲೆಕ್ಕ ಬರಬೇಕಾದ ಮಾಹಿತಿಯನ್ನೇ ನೆಚ್ಚಿಕೊಂಡಿದ್ದರೆ ಕೈಕಟ್ಟಿ ಕೂರಬೇಕಾಗುತ್ತದೆ.

ಡಿಡಿಆರ್4 ರ್‍ಯಾಮ್‌ನ ಒಂದು ಚಾನೆಲ್ 64 ಬಿಟ್ ಅಗಲ, ಅಂದರೆ ಒಮ್ಮೆಗೆ 8 ಬೈಟ್. 3200ರ ವೇಗದ ಸ್ಟಿಕ್ ಒಂದಿದ್ದರೆ ಸೆಕೆಂಡಿಗೆ 25.6 ಜಿಬಿ ಸಾಗಿಸಬಹುದು. ಎರಡು ಚಾನೆಲ್ಲಿಗೆ ಒಂದೊಂದು ಸ್ಟಿಕ್ ಹಾಕಿದರೆ 51.2 ಜಿಬಿ. ದುಪ್ಪಟ್ಟಾಗುವುದು ಸಾಗಣೆಯೇ ಹೊರತು ವೇಗವಲ್ಲ. ಒಂದು ಕೋರ್ ಒಂದೇ ಒಂದು ಮಾಹಿತಿ ಕೇಳಿದರೆ ಎರಡು ಚಾನೆಲ್ ಇದ್ದರೂ ಅದೇ 75 ನ್ಯಾನೊಸೆಕೆಂಡೇ ಹಿಡಿಯುತ್ತದೆ. ಹೆದ್ದಾರಿಯ ಟೋಲ್‌ನಲ್ಲಿ ಎರಡನೇ ಕೌಂಟರ್ ತೆರೆದರೆ ನಿಮ್ಮ ಚೀಟಿ ಹರಿಯುವ ಹೊತ್ತೇನೂ ಕಡಿಮೆಯಾಗುವುದಿಲ್ಲ, ಮುಂದಿನ ಸಾಲು ಕರಗುತ್ತದೆ. ಆರು ಕೋರ್‌ಗಳೂ ಒಟ್ಟಿಗೆ ಕೇಳತೊಡಗಿದಾಗ ಇದರ ಬೆಲೆ ಗೊತ್ತಾಗುತ್ತದೆ. ಹಿಂದೆ ವಿಂಡೋಸ್, ಡಿಸ್ಕಾರ್ಡ್, ಬ್ರೌಸರ್ ಕೂಡ ಅದೇ ಸಾಲಿನಲ್ಲಿ ನಿಂತಿರುತ್ತವೆ. ಡ್ಯುಯಲ್ ಚಾನೆಲ್ಲಿನ ನಿಜವಾದ ಲಾಭ ಇರುವುದು ಇಲ್ಲಿ. ಸರಾಸರಿಗಿಂತ ಹೆಚ್ಚಾಗಿ, ಎಲ್ಲ ಒಟ್ಟಿಗೆ ಮುಗಿಬೀಳುವ ಕ್ಷಣಗಳಲ್ಲಿ ಅದು ಕಾಣಿಸಿಕೊಳ್ಳುವುದೂ ಇದೇ ಕಾರಣಕ್ಕೆ.

ಒಂದು ಕಲ್ಪಿತ ಲೆಕ್ಕ ಮಾಡೋಣ. ಒಂದು ಫ್ರೇಮಿಗೆ ಪ್ರೊಸೆಸರ್ 8 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿದೆ, ಅದರಲ್ಲಿ 3 ಮಿಲಿಸೆಕೆಂಡ್ ರ್‍ಯಾಮ್‌ಗಾಗಿ ಕಾಯುವುದರಲ್ಲೇ ಕಳೆಯುತ್ತದೆ ಎಂದುಕೊಳ್ಳಿ. ಸೆಕೆಂಡಿಗೆ 125 ಫ್ರೇಮ್ ಆಯಿತು. ಎರಡನೇ ಚಾನೆಲ್ ಬಂದು ಆ ಕಾಯುವಿಕೆ ಮೂರನೇ ಒಂದರಷ್ಟು ತಗ್ಗಿದರೆ ಫ್ರೇಮ್ 7 ಮಿಲಿಸೆಕೆಂಡಿಗೆ ಇಳಿಯುತ್ತದೆ, 143 ಎಫ್‌ಪಿಎಸ್ ಸಿಗುತ್ತದೆ. ಸಾಗಣೆ ದುಪ್ಪಟ್ಟಾದರೂ ಫಲ ಶೇಕಡಾ 14. ಈಗ ಅದೇ ಯಂತ್ರದಲ್ಲಿ ಗ್ರಾಫಿಕ್ಸ್ ಸೆಟ್ಟಿಂಗ್ ಏರಿಸಿ, ಕಾರ್ಡಿಗೆ ಒಂದು ಫ್ರೇಮ್ ಬಿಡಿಸಲು 12 ಮಿಲಿಸೆಕೆಂಡ್ ಬೇಕಾಗುವಂತೆ ಮಾಡಿ. ಪ್ರೊಸೆಸರ್ 8ಕ್ಕೆ ಮುಗಿಸಲಿ, 7ಕ್ಕೆ ಮುಗಿಸಲಿ, ಪರದೆಯ ಮೇಲೆ 83ಕ್ಕಿಂತ ಹೆಚ್ಚು ಬರುವುದಿಲ್ಲ. “ನಾನೂ ಎರಡು ಸ್ಟಿಕ್ ಹಾಕಿಸಿದೆ, ಏನೂ ಆಗಲಿಲ್ಲ” ಎನ್ನುವವರೂ “ನನಗೆ ಹದಿನೆಂಟು ಫ್ರೇಮ್ ಹೆಚ್ಚಾಯ್ತು” ಎನ್ನುವವರೂ ಹೀಗೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ಇನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ವೇಗ. 3200 ಎಂದು ಬರೆದ ಎರಡು ಸ್ಟಿಕ್‌ಗಳಲ್ಲಿ ಒಂದು ಸಿಎಲ್22, ಇನ್ನೊಂದು ಸಿಎಲ್16 ಆಗಿರಬಹುದು. ಮೊದಲನೆಯದರ ವಿಳಂಬ 13.75 ನ್ಯಾನೊಸೆಕೆಂಡ್, ಎರಡನೆಯದರದ್ದು 10. ಇದರ ಜತೆ ಬರುವ ಇತರ ಟೈಮಿಂಗ್‌ಗಳನ್ನೂ ಸೇರಿಸಿದರೆ 75 ನ್ಯಾನೊಸೆಕೆಂಡಿನ ಪಯಣದಲ್ಲಿ ಐದಾರು ಉಳಿಯಬಹುದು. ನಮ್ಮ ಲೆಕ್ಕದಲ್ಲಿ ಉಳಿದಿದ್ದ 2 ಮಿಲಿಸೆಕೆಂಡ್ ಕಾಯುವಿಕೆಯಲ್ಲಿ ಶೇಕಡಾ ಎಂಟರಷ್ಟು ಕಡಿಮೆಯಾಗಿ 143 ಇದ್ದದ್ದು 146 ಆಗುತ್ತದೆ. ಅದಕ್ಕಾಗಿ ಕೊಡುವ ಹೆಚ್ಚಿನ ಹಣಕ್ಕೆ ಇದು ಸಾಲುತ್ತದೆಯೇ ಎಂದರೆ, ನನ್ನ ಮಟ್ಟಿಗೆ ಇಲ್ಲ.

ಆದರೆ ಸಿಎಲ್16 ಸ್ಟಿಕ್ ಕೊಂಡು ಬಯೋಸ್‌ನಲ್ಲಿ XMP ಆನ್ ಮಾಡದೆ ಬಿಡುವುದಿದೆಯಲ್ಲ, ಅದು ಬೇರೆಯೇ ಕತೆ. ಹಾಗೆ ಬಿಟ್ಟರೆ ಇಂಥ ಸ್ಟಿಕ್‌ಗಳು ಸಾಮಾನ್ಯವಾಗಿ 2133 ಅಥವಾ 2400ರಲ್ಲಿ ಎದ್ದು ಕೂರುತ್ತವೆ. ರೈಜೆನ್ 5000 ಸರಣಿಯಲ್ಲಿ ಇದರ ಏಟು ಎರಡು ಕಡೆಯಿಂದ ಬೀಳುತ್ತದೆ. ಕೋರ್‌ಗಳಿಗೂ ಮೆಮೊರಿ ಕಂಟ್ರೋಲರಿಗೂ ನಡುವೆ ಇರುವ ಇನ್ಫಿನಿಟಿ ಫ್ಯಾಬ್ರಿಕ್ ಸಾಮಾನ್ಯವಾಗಿ ರ್‍ಯಾಮ್‌ನ ತಾಳಕ್ಕೇ ಓಡುತ್ತದೆ. ರ್‍ಯಾಮ್ 3200 ಇದ್ದರೆ ಫ್ಯಾಬ್ರಿಕ್ 1600 ಮೆಗಾಹರ್ಟ್ಸ್, 2133ಕ್ಕೆ ಇಳಿದರೆ 1066. ರ್‍ಯಾಮ್ ನಿಧಾನವಾದದ್ದಲ್ಲದೆ ಅಲ್ಲಿಗೆ ಹೋಗುವ ದಾರಿಯೂ ನಿಧಾನವಾಯಿತು. ಇಂಟೆಲ್ ಕಡೆ ಇಂಥ ಜೋಡಣೆ ಇಲ್ಲ, ಅಲ್ಲಿನ ಅಡ್ಡಿ ಮದರ್‌ಬೋರ್ಡಿನದು. ಹತ್ತನೇ ಪೀಳಿಗೆಯ ಐ5-10400 ಅನ್ನು ಬಿ460 ಬೋರ್ಡಿನಲ್ಲಿ ಕೂರಿಸಿದರೆ ನೀವು 3600ರ ರ್‍ಯಾಮ್ ತಂದರೂ ಅದು 2666ರ ಮೇಲೆ ಹೋಗುವುದಿಲ್ಲ. ಅಂಥ ಯಂತ್ರಕ್ಕೆ ದುಬಾರಿ ರ್‍ಯಾಮ್ ಮಾರುವುದು ಗಿರಾಕಿಯ ಜೇಬಿಗೆ ಕತ್ತರಿ ಹಾಕುವ ಕೆಲಸವೇ. ಅಲ್ಲಿ 2666ರ ಜೋಡಿ ಸೆಕೆಂಡಿಗೆ 42 ಜಿಬಿಗಿಂತ ಹೆಚ್ಚು ಸಾಗಿಸುತ್ತದೆ, ಒಂಟಿ ಸ್ಟಿಕ್ ಅದರ ಅರ್ಧ.

ವಿಡಿಯೊ ಪರೀಕ್ಷೆಗಳ ಬಗ್ಗೆ ನನ್ನ ತಕರಾರು ಇರುವುದು ಎಣಿಕೆಯ ಮೇಲಲ್ಲ, ಹೋಲಿಕೆಯ ಮೇಲೆ. ಎಂಟು ಜಿಬಿಯ ಒಂದು ಸ್ಟಿಕ್‌ನಲ್ಲಿ ಗೇಮ್ ಓಡಿಸಿ, ಆಮೇಲೆ ಇನ್ನೊಂದು ಎಂಟು ಸೇರಿಸಿ, ಬಂದ ವ್ಯತ್ಯಾಸವನ್ನೆಲ್ಲ ಡ್ಯುಯಲ್ ಚಾನೆಲ್ಲಿನ ಖಾತೆಗೆ ಬರೆಯುವುದು ಮಾಮೂಲಾಗಿದೆ. ಎಂಟು ಜಿಬಿ ತುಂಬಿ ವಿಂಡೋಸ್ ಎಸ್‌ಎಸ್‌ಡಿಯ ಕಡೆ ಕೈಚಾಚಿದರೆ ಗೇಮ್ ತಡವರಿಸದೆ ಇನ್ನೇನು ಮಾಡೀತು? ಅದು ಜಾಗ ಸಾಲದ ತೊಂದರೆ, ಚಾನೆಲ್ಲಿನದ್ದಲ್ಲ. ಹದಿನಾರರ ಒಂದನ್ನು ಎಂಟರ ಎರಡರ ಜತೆ, ಅದೇ ವೇಗ ಅದೇ ಟೈಮಿಂಗ್‌ನಲ್ಲಿ ಹೋಲಿಸಿದರೆ ಮಾತ್ರ ಅದು ಪರೀಕ್ಷೆ. 5600ಜಿಯಂಥ ಚಿಪ್ಪಿನ ಒಳಗಿನ ಗ್ರಾಫಿಕ್ಸ್‌ನಲ್ಲಿ ಬಂದ ಭಾರೀ ಏರಿಕೆಯನ್ನು ಇಲ್ಲಿ ಸಾಕ್ಷಿಯಾಗಿ ತರುವುದೂ ಸಲ್ಲದು. ಅಲ್ಲಿ ಚಿತ್ರ ಬಿಡಿಸುವವನೂ ಅದೇ ರ್‍ಯಾಮ್ ಬಳಸುತ್ತಾನೆ, ಸಾಗಣೆಯೇ ಅವನ ಉಸಿರು.

ನೀವೇ ಪರೀಕ್ಷಿಸುವುದಾದರೆ ಮೊದಲು ಗೇಮಿನ ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ ನೋಡಿ. ಎಫ್‌ಪಿಎಸ್ ಏರದಿದ್ದರೆ, ವಿ-ಸಿಂಕ್ ಆಗಲಿ ಫ್ರೇಮ್ ಮಿತಿಯಾಗಲಿ ಹಾಕಿಲ್ಲದಿದ್ದರೆ, ತಡೆ ಇರುವುದು ಪ್ರೊಸೆಸರ್ ಕಡೆಗೆ, ರ್‍ಯಾಮ್ ಬದಲಾವಣೆಗೆ ಅರ್ಥವಿದೆ. ಚೆನ್ನಾಗಿ ಏರಿದರೆ ತಡೆ ಕಾರ್ಡಿನದು, ರ್‍ಯಾಮ್ ಮುಟ್ಟುವುದು ಬೇಡ. ಅದೇ ರೀಪ್ಲೇಯನ್ನು ಮೂರು ನಾಲ್ಕು ಸಲ ಓಡಿಸಿ, ಮೊದಲ ಓಟವನ್ನು ಎಣಿಕೆಗೆ ತೆಗೆದುಕೊಳ್ಳಬೇಡಿ, ಶೇಡರ್‌ಗಳು ತಯಾರಾಗುವ ಗಲಾಟೆ ಅದರಲ್ಲಿರುತ್ತದೆ. ಕ್ಯಾಪ್‌ಫ್ರೇಮ್‌ಎಕ್ಸ್‌ನಂಥ ಸಾಧನದಲ್ಲಿ ಸರಾಸರಿಯ ಜತೆಗೆ 1% low ಎಂಬ ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ಸರಾಸರಿ ಹತ್ತು ಏರಿದ್ದಕ್ಕಿಂತ, ಹೊಗೆ ಬಾಂಬು ಸಿಡಿದು ಐದು ಜನ ಒಟ್ಟಿಗೆ ನುಗ್ಗಿದಾಗ ಚಿತ್ರ ತಡವರಿಸದೆ ಇರುವುದು ಆಡುವವನ ಕೈಗೆ ಗೊತ್ತಾಗುತ್ತದೆ.

ಎರಡು ಸ್ಟಿಕ್ ಹಾಕಿಸಿಕೊಂಡೂ ಸಿಂಗಲ್ ಚಾನೆಲ್ಲಿನಲ್ಲೇ ಓಡುತ್ತಿರುವ ಯಂತ್ರಗಳಿಗೆ ಕೊರತೆಯಿಲ್ಲ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಅಕ್ಕಪಕ್ಕದ ಎರಡರಲ್ಲಿ ಸಿಕ್ಕಿಸಿದರೆ ಎರಡೂ ಒಂದೇ ಚಾನೆಲ್ಲಿಗೆ ಬೀಳುತ್ತವೆ. ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು ಸರಿಯಾದ ಜಾಗ, ಬೋರ್ಡಿನ ಮೇಲೆ A2, B2 ಎಂದು ಬರೆದಿರುತ್ತದೆ. ಯಾವ ಸ್ಲಾಟಿನಲ್ಲಿ ಏನಿದೆ, ನಿಜಕ್ಕೂ ಯಾವ ವೇಗದಲ್ಲಿ ಓಡುತ್ತಿದೆ ಎಂಬುದನ್ನು ಪವರ್‌ಶೆಲ್‌ನಲ್ಲಿ ಹೀಗೆ ಕೇಳಬಹುದು:

```powershell
Get-CimInstance Win32_PhysicalMemory |
  Select-Object DeviceLocator, Capacity, ConfiguredClockSpeed
```

ಚಾನೆಲ್ ಖಚಿತಪಡಿಸಿಕೊಳ್ಳಲು ಸಿಪಿಯು-ಝಡ್‌ನ Memory ಪುಟ ನೋಡಬೇಕು. ಅಲ್ಲಿ DRAM Frequency ಎಂದು 1600 ಕಂಡರೆ ಗಾಬರಿ ಬೇಡ, ಅದು 3200ರ ಅರ್ಧ, ಸರಿಯಾಗೇ ಇದೆ. ಡಿಡಿಆರ್5 ಆಗಿದ್ದರೆ ಒಂದೇ ಸ್ಟಿಕ್ ಇದ್ದರೂ `2 x 32-bit` ಎಂದು ತೋರಿಸುತ್ತದೆ. ಡಿಡಿಆರ್5 ಸ್ಟಿಕ್ ಒಂದರೊಳಗೇ 32 ಬಿಟ್‌ನ ಎರಡು ಉಪಚಾನೆಲ್ ಇರುವುದರಿಂದ ಹಾಗೆ. “ಡಿಡಿಆರ್5ಗೆ ಒಂದೇ ಸಾಕು, ಒಳಗೇ ಡ್ಯುಯಲ್ ಇದೆ” ಎಂಬ ಮಾರಾಟದ ಮಾತು ಇಲ್ಲಿಂದಲೇ ಹುಟ್ಟಿದ್ದು. ಎರಡು 32 ಸೇರಿದರೆ ಅದೇ 64. ನಿಜವಾದ ಜೋಡಿಗೆ `4 x 32-bit` ಕಾಣಬೇಕು.

ಈ ವಾದ ಅಷ್ಟಾಗಿ ಅನ್ವಯಿಸದ ಪ್ರೊಸೆಸರ್‌ಗಳೂ ಇವೆ. 2022ರಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿಯಲ್ಲಿ ಎಲ್3 ಕ್ಯಾಷ್ 96 ಎಂಬಿ. ಗೇಮಿಗೆ ಬೇಕಾದ್ದರಲ್ಲಿ ಬಹುಪಾಲು ಅಲ್ಲೇ ಸಿಗುವುದರಿಂದ ರ್‍ಯಾಮ್‌ವರೆಗಿನ ಓಡಾಟವೇ ಕಡಿಮೆ, ಹಾಗಾಗಿ ರ್‍ಯಾಮ್ ವೇಗಕ್ಕೆ ಅದು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ.

ಈಗಾಗಲೇ ಒಂಟಿ ಸ್ಟಿಕ್ ಇರುವವರಿಗೆ ಅಂಗಡಿಯವರ “ಮುಂದೆ ಸೇರಿಸಿದ್ರಾಯ್ತು” ಎನ್ನುವುದರಲ್ಲಿ ಒಂದು ತೊಡಕಿದೆ. ಎರಡು ವರ್ಷ ಬಿಟ್ಟು ಅದೇ ಕಂಪನಿಯ ಅದೇ ಹೆಸರಿನ ಸ್ಟಿಕ್ ತಂದರೂ ಒಳಗಿನ ಚಿಪ್ ಬದಲಾಗಿರಬಹುದು. ಸ್ಟಿಕ್ಕಿನ ಚೀಟಿಯ ಮೇಲೆ 1Rx8 ಎಂದಿದ್ದರೆ ಎಂಟು ಚಿಪ್, 1Rx16 ಎಂದಿದ್ದರೆ ನಾಲ್ಕೇ ಚಿಪ್. ನಾಲ್ಕು ಚಿಪ್ಪಿನ ಡಿಡಿಆರ್4 ಸ್ಟಿಕ್ಕಿನಲ್ಲಿ ಬ್ಯಾಂಕುಗಳು ಅರ್ಧದಷ್ಟು, ಒಟ್ಟಿಗೆ ಬಂದ ಕೋರಿಕೆಗಳನ್ನು ನಿಭಾಯಿಸುವುದರಲ್ಲಿ ಅದು ಹಿಂದೆ ಬೀಳುತ್ತದೆ. ಹಳೆಯದರ ಪಾರ್ಟ್ ನಂಬರ್ ಫೋಟೊ ತೆಗೆದುಕೊಂಡು ಹೋಗಿ ಹೊಸದರ ಚೀಟಿಯ ಜತೆ ಹೋಲಿಸಿ ನೋಡಿ. ಮನೆಗೆ ಬಂದು XMP ಹಾಕಿದ ಮೇಲೆ ಒಂದು ರಾತ್ರಿ ಮೆಮ್‌ಟೆಸ್ಟ್86 ಓಡಲು ಬಿಡಿ. ಒಂದೇ ಒಂದು ದೋಷ ಕಂಡರೂ ವೇಗವನ್ನು 3200ರಿಂದ 2933ಕ್ಕೆ ಇಳಿಸಿ ಮತ್ತೆ ಓಡಿಸಿ. ಆ ಒಂದು ಮೆಟ್ಟಿಲು ಇಳಿದದ್ದರಿಂದ ಹೋಗುವ ಫ್ರೇಮ್, ಎರಡನೇ ಚಾನೆಲ್ ತಂದುಕೊಟ್ಟದ್ದರಲ್ಲಿ ಸಣ್ಣ ಪಾಲು.